ಸೋಮವಾರದ ರೇಟು

ಮಾಡಬೇಕಾಗಿದ್ದ ಒಂದು ಫೋನನ್ನು ನಾನು ಮಾಡಲಿಲ್ಲ. ಅವತ್ತು ನಾನು ಯಾರ ಮೇಲೂ ಕೈ ಎತ್ತಲಿಲ್ಲ, ಯಾರ ಮನೆಯದನ್ನೂ ಕದಿಯಲಿಲ್ಲ. ಅಮೆರಿಕದ ಸ್ಯಾನ್ ಮಟಿಯೋದ ಒಂದು ಒಡವೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಸ್ಟೂಲಿನ ಮೇಲೆ ಕೂತು, ಗೋಡೆಯ ಫೋನನ್ನು ನೋಡುತ್ತ ಸುಮ್ಮನಿದ್ದೆ. ನಾನು ಸುಮ್ಮನಿದ್ದುದರಿಂದ ನಮ್ಮೂರಿನಲ್ಲಿ ನನ್ನ ಅಣ್ಣನ ಬಲಗೈಯನ್ನು ಜಜ್ಜಿ ಹಾಕಿದರು.

ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ಅಕ್ಕಸಾಲಿ. ಕೆಲಸ ಕಲಿಸುವಾಗ ಅವರ ಬಾಯಿಗಿಂತ ಮುಂಚೆ ಇಕ್ಕಳ ಬರುತ್ತಿತ್ತು. ನನ್ನ ಮೊಣಕೈಯ ಮೇಲೆ ಈಗಲೂ ಎರಡು ಸುಟ್ಟ ಗೆರೆಗಳಿವೆ. ಅಣ್ಣ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಆ ಇಕ್ಕಳದಿಂದ ತಪ್ಪಿಸಿಕೊಂಡು, ನಮ್ಮ ನಗರದ ಚಿನ್ನಬೆಳ್ಳಿ ವರ್ತಕರ ಸಂಘದಲ್ಲಿ ಗುಮಾಸ್ತನಾದ. ಸಂಘವೆಂದರೆ ಅಂಗಡಿಬೀದಿಯ ಮಹಡಿಯ ಮೇಲೆ ಒಂದು ಹಾಲು, ಐದು ಕುರ್ಚಿ, ಒಂದು ಫೋನು, ಒಂದು ಕಪ್ಪು ಹಲಗೆ. ಆ ಹಲಗೆಯ ಮೇಲೆ ಅಣ್ಣ ಸೀಮೆಸುಣ್ಣದಲ್ಲಿ ಬರೆದದ್ದೇ ಊರಿನ ಚಿನ್ನದ ರೇಟು.

ಆ ರೇಟು ಎಲ್ಲಿಂದ ಬರುತ್ತದೆ ಎಂದು ನನಗೆ ಹೇಳಿಕೊಟ್ಟವನೂ ಅವನೇ. ಹೊರದೇಶದಲ್ಲಿ ಚಿನ್ನಕ್ಕೆ ಒಂದು ಔನ್ಸಿಗೆ ಇಷ್ಟು ಡಾಲರು ಎಂದು ಬೆಲೆ. ಔನ್ಸು ಎಂದರೆ ಮೂವತ್ತೊಂದು ಗ್ರಾಂ ಮತ್ತು ಸ್ವಲ್ಪ. ಅದನ್ನು ಅವತ್ತಿನ ಡಾಲರಿನ ಬೆಲೆಯಿಂದ ರೂಪಾಯಿಗೆ ತಿರುಗಿಸಿ, ಹತ್ತು ಗ್ರಾಮಿಗೆ ಇಳಿಸಬೇಕು. ಅದರ ಮೇಲೆ ಸರ್ಕಾರದ ಸುಂಕ, ಚಿನ್ನದ ಗಟ್ಟಿ ತರಿಸಿಕೊಡುವ ಬ್ಯಾಂಕಿನ ಪಾಲು, ಬಾಂಬೆಯಿಂದ ನಮ್ಮೂರಿಗೆ ಬರುವ ಖರ್ಚು. ಇಷ್ಟಾದ ಮೇಲೆ ಕಮಿಟಿಯ ಐದು ಜನ ಊರಿನ ಗಾಳಿ ನೋಡುತ್ತಿದ್ದರು. ಮದುವೆ ಕಾಲವಾಗಿ ಗಟ್ಟಿ ಸಿಗದಿದ್ದರೆ ಒಂದಿಷ್ಟು ಮೇಲೆ, ಮಾಲು ಕೊಳ್ಳುವವರಿಲ್ಲದೆ ಬಿದ್ದಿದ್ದರೆ ಒಂದಿಷ್ಟು ಕೆಳಗೆ. ಮೊದಲು ಅಪರಂಜಿಯ ರೇಟು, ಅದರಿಂದ ಒಡವೆ ಚಿನ್ನದ ರೇಟು. ಹತ್ತೂವರೆಗೆ ಅಣ್ಣ ಬರೆಯುತ್ತಿದ್ದ, ಆಮೇಲೆ ಅಂಗಡಿಗಳಿಗೆಲ್ಲ ಫೋನು.

“ಬೆಳಿಗ್ಗೆ ಬರೆದದ್ದನ್ನ ಮಧ್ಯಾಹ್ನ ಯಾಕಣ್ಣ ಅಳಿಸ್ತೀಯ?” ಎಂದು ಒಮ್ಮೆ ಕೇಳಿದ್ದೆ.

“ಇವತ್ತು ನೀನು ಒಂದು ಗಟ್ಟಿ ಮಾರ್ದೆ ಅನ್ನು. ಆ ದುಡ್ಡಲ್ಲಿ ಅಂಥದ್ದೇ ಇನ್ನೊಂದು ಗಟ್ಟಿ ಬಂದು ಅದೇ ಜಾಗದಲ್ಲಿ ಕೂರಬೇಕು. ಹಾಗೆ ಕೂರೋದಾದ್ರೆ ರೇಟು ಸರಿ. ಕೂರ್ಲಿಲ್ಲ ಅಂದ್ರೆ ಅಳಿಸ್ಬೇಕು ಕಣೋ.”

ಚಿನ್ನದ ಪೇಟೆ ಎಲ್ಲೋ ಒಂದು ಕಡೆ ಯಾವಾಗಲೂ ತೆರೆದಿರುತ್ತದೆ. ನಾವು ಏಳುವ ಹೊತ್ತಿಗೆ ಹಾಂಗ್‌ಕಾಂಗ್ ಶುರುವಾಗಿರುತ್ತದೆ. ನಮ್ಮ ಹಲಗೆ ಬರೆದ ಮೇಲೆ ಬಾಂಬೆ ಗರಂ ಆಗುತ್ತದೆ, ಡಾಲರು ಏರಿಳಿಯುತ್ತದೆ. ಊಟವಾದ ಮೇಲೆ ಲಂಡನ್ನು, ದೀಪ ಹಚ್ಚುವ ಹೊತ್ತಿಗೆ ನ್ಯೂಯಾರ್ಕು. ಸಣ್ಣಪುಟ್ಟ ಏರಿಳಿತಕ್ಕೆ ಕಮಿಟಿ ಅಲುಗುತ್ತಿರಲಿಲ್ಲ. ಜಾಸ್ತಿಯಾದರೆ ಮತ್ತೆ ಸೇರಿ ಎರಡನೇ ರೇಟು ಬರೆಸುತ್ತಿದ್ದರು. ಇದರಲ್ಲಿ ಬೀದಿಯ ಒಂದು ಕಟ್ಟುಪಾಡಿತ್ತು: ಅಣ್ಣನ ಕೈಯ ಒರೆಸುವ ಬಟ್ಟೆ ಹಲಗೆಗೆ ತಾಗುವವರೆಗೆ ಹಳೇ ರೇಟೇ ರೇಟು. ಅದಕ್ಕೆ ಮುಂಚೆ ಬಾಯಲ್ಲಿ ಆದ ವ್ಯಾಪಾರವನ್ನು ಯಾರೂ ಮುರಿಯುವಂತಿಲ್ಲ.

ಹಾಗಾಗಿ ಆ ಹಾಲಿನಲ್ಲಿ ಹೊಡೆದಾಟ ಹೊಸದಲ್ಲ. ಒಂದು ಸಂಜೆ, ಬಟ್ಟೆ ತಾಗುವ ಮುಂಚೆ ಮಾತಾಯಿತೋ ಆಮೇಲಾಯಿತೋ ಎಂದು ಇಬ್ಬರು ವ್ಯಾಪಾರಿಗಳು ಜಗಳವಾಡಿ, ಒಬ್ಬ ಇನ್ನೊಬ್ಬನ ತಲೆಗೆ ಹಿತ್ತಾಳೆ ಚೊಂಬು ಬೀಸಿದ್ದ. ಅದು ಅಣ್ಣನ ಹುಬ್ಬಿಗೆ ಬಿತ್ತು. ರಕ್ತ ಒರೆಸಿಕೊಂಡು, “ಸಾವ್ಕಾರ್ರೇ, ಮೊದಲು ಮಾತಾಯ್ತು, ಆಮೇಲೆ ಬಟ್ಟೆ. ನಾನು ನೋಡಿದೀನಿ” ಎಂದನಂತೆ. ಚೊಂಬು ಬೀಸಿದವನೂ ಒಪ್ಪಿಕೊಂಡನಂತೆ. ಅಣ್ಣನ ಮಾತಿಗೆ ಅಷ್ಟು ಬೆಲೆಯಿತ್ತು. ಅವನಿಗೆ ಬೇರೆ ಆಸ್ತಿಯೇ ಇರಲಿಲ್ಲ.

ನಾನು ಅಮೆರಿಕಕ್ಕೆ ಬಂದದ್ದು ನಮ್ಮೂರಿನವರೇ ಆದ ಒಬ್ಬ ಒಡವೆ ವ್ಯಾಪಾರಿಯ ಕೈಹಿಡಿದು. ಅವರನ್ನು ಯಜಮಾನರು ಎನ್ನುತ್ತೇನೆ. ಅವರಿಗೆ ಸ್ಯಾನ್ ಮಟಿಯೋದಲ್ಲಿ ಅಂಗಡಿ. ರೆಡ್‌ವುಡ್ ಸಿಟಿಯ ಕಂಪ್ಯೂಟರ್ ಆಫೀಸುಗಳಿಂದ ನಮ್ಮ ಹುಡುಗರು ಕತ್ತಿನಲ್ಲಿ ಬ್ಯಾಡ್ಜು ತೂಗಿಸಿಕೊಂಡೇ ಬಂದು, ಹೆಂಡತಿಗೆ ನೆಕ್ಲೇಸು ತೋರಿಸಿ ಅನ್ನುತ್ತ ತಮ್ಮ ತಮ್ಮಲ್ಲಿ ಷೇರಿನ ಬೆಲೆ ಮಾತಾಡಿಕೊಳ್ಳುತ್ತಿದ್ದ ಕಾಲ. ನಾನು ಹಿಂದಿನ ಕೋಣೆಯಲ್ಲಿ ಬೆಸುಗೆ ಹಾಕುತ್ತಿದ್ದೆ. ವೀಸಾ ಅವರದು, ಬಾಡಿಗೆ ಅವರದು. ನನ್ನ ಪಾಸ್‌ಪೋರ್ಟು ಇದ್ದದ್ದೂ ಅವರ ಲಾಕರಿನಲ್ಲೇ.

ಊರಿನಲ್ಲಿ ಅವರ ಅಕ್ಕನ ಗಂಡ ದೊಡ್ಡ ಗಟ್ಟಿ ವ್ಯಾಪಾರಿ. ಸಂಘದ ಕಮಿಟಿಯ ಐದು ಕುರ್ಚಿಗಳಲ್ಲಿ ಒಂದು ಆತನದು.

ಸಂಘಕ್ಕೆ ಸೋಮವಾರ ಬೆಳಿಗ್ಗೆ ಒಂದು ತೊಡಕಿತ್ತು. ಉಳಿದ ದಿನ ಬಾಂಬೆಯ ದಲ್ಲಾಳಿ ಒಂಬತ್ತಕ್ಕೇ ಫೋನು ಮಾಡಿ ನ್ಯೂಯಾರ್ಕ್ ಎಲ್ಲಿ ನಿಂತಿತು ಎಂದು ಹೇಳುತ್ತಿದ್ದ. ಸೋಮವಾರ ಮಾತ್ರ ಹನ್ನೊಂದಕ್ಕೆ ಮುಂಚೆ ಅವನು ಕೈಗೆ ಸಿಗುತ್ತಿರಲಿಲ್ಲ. ಶನಿವಾರ ಭಾನುವಾರ ನ್ಯೂಯಾರ್ಕ್ ರಜೆ, ಹೊಸದಾಗಿ ಹೇಳುವುದಕ್ಕೂ ಏನಿರುತ್ತದೆ? ಅದಕ್ಕೆ ಸೋಮವಾರ ಶನಿವಾರದ ರೇಟನ್ನೇ ಬರೆಯುವ ರೂಢಿ. ಆದರೂ ಆ ಹೊತ್ತಿಗೆ ಹಾಂಗ್‌ಕಾಂಗ್ ತೆರೆದಿರುತ್ತಿತ್ತು. ಯಜಮಾನರ ಅಂಗಡಿಯ ಕಂಪ್ಯೂಟರಿನಲ್ಲಿ ಆ ಬೆಲೆ ಕಾಣುತ್ತಿತ್ತು. ನನಗೆ ಇಂಗ್ಲಿಷು ಬರದಿದ್ದರೂ ಅಂಕಿ ಓದಲು ಬರುತ್ತಿತ್ತು. ಇಲ್ಲಿ ಭಾನುವಾರ ಸಂಜೆ ಎಂಟೂವರೆ ಎಂದರೆ ಅಲ್ಲಿ ಸೋಮವಾರ ಬೆಳಿಗ್ಗೆ ಒಂಬತ್ತು. ಅಣ್ಣ ಕಮಿಟಿಯವರನ್ನು ಒಪ್ಪಿಸಿ ನನ್ನ ಜೊತೆ ಒಂದು ಏರ್ಪಾಡು ಮಾಡಿಕೊಂಡ.

“ಬೆಲೆ ಅಲುಗಾಡಿದ್ರೆ ಮಾತ್ರ ಮಾಡು. ಸುಮ್ಸುಮ್ನೆ ದುಡ್ಡು ದಂಡ. ನೀನು ಮಾಡ್ಲಿಲ್ಲ ಅಂದ್ರೆ ಎಲ್ಲಾ ಹಂಗೇ ಇದೆ ಅಂತ ಬರ್ಕೊತೀನಿ.”

ಎಷ್ಟೋ ಸೋಮವಾರ ನಾನು ಫೋನು ಮಾಡದೆ, ಅವನು ಶನಿವಾರದ ರೇಟು ಬರೆದು, ಎಲ್ಲವೂ ಸರಿಯಾಗಿಯೇ ನಡೆಯಿತು. ನನ್ನ ಮೌನವನ್ನು ಐದು ಜನ ವ್ಯಾಪಾರಿಗಳು ನಂಬಲು ಕಲಿತರು.

ಆ ವರ್ಷಗಳಲ್ಲಿ ಚಿನ್ನ ಬೀಳುತ್ತಲೇ ಇತ್ತು. ಯುರೋಪಿನ ಸರ್ಕಾರಿ ಬ್ಯಾಂಕುಗಳು ತಮ್ಮ ಕೊಠಡಿಯ ಚಿನ್ನ ತೆಗೆದು ಮಾರುತ್ತಿವೆ ಎಂದು ಯಜಮಾನರು ಹೇಳುತ್ತಿದ್ದರು. ಊರಿನ ಸಣ್ಣ ವ್ಯಾಪಾರಿಗಳಿಗೂ ಅದೇ ಭಯ. ಇವತ್ತು ಒಳ್ಳೇ ರೇಟು ಸಿಕ್ಕರೆ ಇವತ್ತೇ ಮಾರು, ನಾಳೆ ಇನ್ನೂ ಇಳಿಯುತ್ತದೆ.

ಆ ಭಾನುವಾರ ನವರಾತ್ರಿಗೆ ಇನ್ನೇನು ಕೆಲವು ದಿನ ಇತ್ತು. ಸಂಜೆ ಆರು ದಾಟಿತ್ತು. ಕಂಪ್ಯೂಟರಿನ ಮುಂದೆ ಕೂತಿದ್ದ ಯಜಮಾನರು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತರು. ಅದೇ ಬ್ಯಾಂಕುಗಳು ಇನ್ನು ಒಂದು ಮಿತಿಗಿಂತ ಹೆಚ್ಚು ಚಿನ್ನ ಮಾರುವುದಿಲ್ಲ ಎಂದು ಒಟ್ಟಾಗಿ ಹೇಳಿಕೆ ಕೊಟ್ಟಿದ್ದವು. ಹಾಂಗ್‌ಕಾಂಗಿನ ಅಂಕಿ, ಶುಕ್ರವಾರ ನ್ಯೂಯಾರ್ಕ್ ಮುಚ್ಚಿದಾಗ ಇದ್ದ ಅಂಕಿಗಿಂತ ಎಷ್ಟೋ ಮೇಲಿತ್ತು. ನನ್ನ ಕಣ್ಣೆದುರಿಗೇ ಇನ್ನೂ ಮೇಲಕ್ಕೆ ಹೋಯಿತು.

ಯಜಮಾನರು ಬಾಗಿಲು ಹಾಕಿ, ಕಮಿಟಿಯಲ್ಲಿದ್ದ ಭಾವನಿಗೆ ಫೋನು ಮಾಡಿದರು. ಮಾತು ಮುಗಿಸಿ ನನ್ನ ಕೋಣೆಗೆ ಬಂದರು.

“ಆಚಾರಿ, ಇವತ್ತು ನೋ ಕಾಲ್.”

“ಅಣ್ಣ ಕಾಯ್ತಿರ್ತಾನೆ ಯಜಮಾನ್ರೇ.”

“ಕಾಯ್ಲಿ. ನೀನು ಮಾಡ್ದಿದ್ರೆ ಏನು ಬರೀಬೇಕು ಅಂತ ಅವ್ನಿಗೆ ಗೊತ್ತಲ್ಲ.”

ನನಗೆ ಅರ್ಥವಾಯಿತು. ಹತ್ತೂವರೆಗೆ ಹಲಗೆಯ ಮೇಲೆ ಶನಿವಾರದ ರೇಟು ಬರುತ್ತದೆ. ಹನ್ನೊಂದಕ್ಕೆ ಬಾಂಬೆ ಬಾಯಿಬಿಡುತ್ತದೆ. ನಡುವಿನ ಅರ್ಧ ಗಂಟೆಯಲ್ಲಿ ಭಾವ ಬೀದಿಯಲ್ಲಿ ಒಂದು ಸುತ್ತು ಹಾಕಿ, ಹಬ್ಬಕ್ಕೆಂದು ಸಣ್ಣವರು ತಂದಿಟ್ಟುಕೊಂಡ ಗಟ್ಟಿಗಳನ್ನೆಲ್ಲ ಬಾಯಿಮಾತಿನಲ್ಲಿ ಕೊಳ್ಳುತ್ತಾನೆ. ಬಟ್ಟೆ ತಾಗುವ ಮುಂಚೆ ಆದ ಮಾತು, ಮುರಿಯುವಂತಿಲ್ಲ.

“ಅಣ್ಣನ್ನ ಸಾಯಿಸ್ತಾರೆ” ಎಂದೆ.

ಕೆನ್ನೆಗೆ ಬಿತ್ತು. ಉಂಗುರದ ಕೈ. ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು. ನನ್ನ ಕತ್ತಿನ ಹಿಂಭಾಗ ಹಿಡಿದು, ಉರಿಯುತ್ತಿದ್ದ ಬೆಸುಗೆ ಜ್ವಾಲೆಯ ಕಡೆ ಬಗ್ಗಿಸಿದರು. ಹುಬ್ಬಿನ ಕೂದಲು ಸುಟ್ಟ ವಾಸನೆ ಬಂತು.

“ಪಾಸ್‌ಪೋರ್ಟ್ ಎಲ್ಲಿದೆ ಗೊತ್ತಲ್ಲ? ನಾಳೆ ಪ್ಲೇನ್ ಹತ್ತಿಸ್ತೀನಿ, ಮಗನೇ.” ಆಮೇಲೆ ಕೈ ಬಿಟ್ಟು, ನನ್ನ ಅಂಗಿಯ ಕಾಲರನ್ನು ತಾವೇ ಸರಿಮಾಡಿ, ಮೆತ್ತಗೆ ಹೇಳಿದರು: “ನಿನ್ನ ಹೆಂಡ್ತಿ ಮಗೂನ ಇಲ್ಲಿಗೆ ಕರ್ಸೋ ಪೇಪರ್ಸ್ ಈ ವಾರಾನೇ ಹಾಕ್ತೀನಿ. ಪ್ರಾಮಿಸ್.”

ಬಹಳ ದಿನ ನಾನು ಹೊಡೆತಕ್ಕೆ ಹೆದರಿದೆ ಎಂದೇ ನನಗೆ ನಾನು ಹೇಳಿಕೊಂಡೆ. ಅದು ನಿಜವಲ್ಲ. ಹೊಡೆತ ನನಗೆ ಅಪ್ಪನ ಕಾಲದಿಂದ ಗೊತ್ತು. ಯಜಮಾನರು ಕೋಣೆಗೆ ಬೀಗ ಹಾಕದೆ ಮನೆಗೆ ಹೋದರು. ಫೋನು ನನ್ನ ಕೈಗೆಟುಕುವಷ್ಟು ಹತ್ತಿರವಿತ್ತು. ಎಂಟೂವರೆಯಾಯಿತು, ಒಂಬತ್ತಾಯಿತು, ಹತ್ತಾಯಿತು. ಆ ಹೊತ್ತೆಲ್ಲ ನಾನು ಯೋಚಿಸಿದ್ದು ನನ್ನ ಮಗಳನ್ನು. ಇಲ್ಲಿಯ ಸ್ಕೂಲಿನ ಹಳದಿ ಬಸ್ಸಿನಿಂದ ಅವಳು ಇಳಿಯುವುದನ್ನು. ಅಣ್ಣನನ್ನು ನಾನು ಅದಕ್ಕೆ ಮಾರಿದೆ.

ರಾತ್ರಿ ಹನ್ನೊಂದು ಗಂಟೆಗೆ, ಅಲ್ಲಿ ಹಾಡಹಗಲು ಹನ್ನೊಂದೂವರೆಗೆ, ಸಂಘದ ನಂಬರು ಒತ್ತಿದೆ. ಆಗ ಮಾಡಿ ಏನು ಉಪಯೋಗವಿತ್ತೋ ಗೊತ್ತಿಲ್ಲ. ಯಾರೋ ಎತ್ತಿದರು, ಮಾತಾಡಲಿಲ್ಲ. ರಿಸೀವರು ಟೇಬಲ್ಲಿಗೆ ಬಡಿದ ಸದ್ದು. ಅದು ವೈರಿನಲ್ಲಿ ತೂಗುತ್ತಿರಬೇಕು, ಮಾತುಗಳು ಹತ್ತಿರ ಬಂದು ದೂರ ಹೋಗುತ್ತಿದ್ದವು.

“ಎಷ್ಟಕ್ಕೆ ಮಾರ್ದೆ ರೇಟ್‌ನ? ಬೊಗಳೋ!”

“ನಂಗೊತ್ತಿರ್ಲಿಲ್ಲ ಸಾವ್ಕಾರ್ರೇ. ತಮ್ಮ ಫೋನ್ ಮಾಡ್ಲಿಲ್ಲ, ಅಂದ್ರೆ ಏನೂ ಇಲ್ಲ ಅಂತ...”

ಆ ದನಿ ಅಣ್ಣನದು. ಮುಂದಿನ ಮಾತು ಒಂದು ಏಟಿನಲ್ಲಿ ನಿಂತಿತು. ಕುರ್ಚಿ ಮುರಿಯಿತು. ಹಲಗೆ ಗೋಡೆಯಿಂದ ಕಿತ್ತು ಬಿದ್ದಿರಬೇಕು, ಅಷ್ಟು ದೊಡ್ಡ ಸದ್ದಾಯಿತು. ಯಾರೋ ಅಳುತ್ತ ಒದೆಯುತ್ತಿದ್ದ. ಪ್ರತಿ ಒದೆತಕ್ಕೂ “ನನ್ನ ಹಬ್ಬ ಹೋಯ್ತಲ್ಲೋ, ನನ್ನ ಅಂಗಡಿ ಹೋಯ್ತಲ್ಲೋ” ಎನ್ನುತ್ತಿದ್ದ.

“ಬರ್ದಿದ್ದು ಯಾವ ಕೈಯಲ್ಲಿ? ಹಿಡ್ಕೊಳ್ರೋ!”

ಬೆಳ್ಳಿ ತೂಗುವ ತಕ್ಕಡಿಯ ಐದು ಕೇಜಿ ಬಟ್ಟು ಆ ಹಾಲಿನ ಮೂಲೆಯಲ್ಲಿರುತ್ತಿತ್ತು. ಕಬ್ಬಿಣ ಮರದ ಮೇಲೆ ಬೀಳುವ ಸದ್ದು ಅಕ್ಕಸಾಲಿಯ ಮಗನಾದ ನನಗೆ ಗೊತ್ತು. ಇದು ಮರದ ಸದ್ದಲ್ಲ. ಅಣ್ಣ ಕೂಗಿದ. ಎರಡನೇ ಸಲ ಬಿದ್ದಾಗ ಕೂಗಲಿಲ್ಲ. ನಾನು ಈ ಕಡೆಯಿಂದ “ಬಿಡ್ರೋ, ಬಿಡ್ರೋ” ಎಂದು ಅರಚಿದೆ. ತೂಗುತ್ತಿದ್ದ ರಿಸೀವರಿನಿಂದ ನನ್ನ ದನಿ ಯಾರ ಕಿವಿಗೆ ಬೀಳಬೇಕು?

ಅವತ್ತು ಊರಿನಲ್ಲಿ ರೇಟು ಮೂರು ಸಲ ಬದಲಾಯಿತಂತೆ. ಬಾಂಬೆಗೆ ಒಮ್ಮೆ, ಲಂಡನ್ನಿಗೆ ಒಮ್ಮೆ, ಸಂಜೆ ನ್ಯೂಯಾರ್ಕಿಗೆ ಇನ್ನೊಮ್ಮೆ. ಮುರಿದ ಹಲಗೆಯ ತುಂಡನ್ನು ಕಿಟಕಿಗೆ ಒರಗಿಸಿ ಬೇರೆ ಯಾರೋ ಬರೆದರಂತೆ. ಮಾರಿದವರು ಅತ್ತರು, ಬೈದರು, ಆದರೆ ಒಬ್ಬನೂ ಬಾಯಿಮಾತು ಮುರಿಯಲಿಲ್ಲ. ಮಧ್ಯಾಹ್ನದೊಳಗೆ ಗಟ್ಟಿಗಳೆಲ್ಲ ಭಾವನ ಮನೆ ಸೇರಿದವು. ಭಾವನನ್ನು ಹೊಡೆಯುವ ಧೈರ್ಯ ಯಾರಿಗೂ ಇರಲಿಲ್ಲ, ಅದಕ್ಕೇ ಗುಮಾಸ್ತನ ಕೈ ಮುರಿದರು.

ನಾಲ್ಕು ದಿನ ಬಿಟ್ಟು ಅಣ್ಣ ಆಸ್ಪತ್ರೆಯಿಂದ ಬಂದ ಮೇಲೆ ಮಾತಾಡಿಸಿದೆ.

“ಮೆಟ್ಟಿಲಿಂದ ಬಿದ್ದೆ ಅಂತ ಪೊಲೀಸ್ನೋರಿಗೆ ಹೇಳ್ದೆ” ಎಂದ. “ದಿನಾ ಮುಖ ನೋಡ್ಬೇಕಾದ ಜನ.” ಆಮೇಲೆ ಕೇಳಿದ. “ಅವತ್ತು ಏನಾಯ್ತೋ?”

“ಲೈನು ಸಿಗ್ಲಿಲ್ಲ ಅಣ್ಣ.”

“ಅದೇ. ನಾನೂ ಅವ್ರಿಗೆ ಅದೇ ಹೇಳ್ದೆ. ನನ್ನ ತಮ್ಮ ಅಂಥೋನಲ್ಲ, ಲೈನು ಸಿಕ್ಕಿರಲ್ಲ ಅಂತ.”

ಸಂಘ ಅವನನ್ನು ಕೆಲಸದಿಂದ ಬಿಡಿಸಿತು. ರೇಟು ಮಾರಿದವನು ಎಂಬ ಹೆಸರು ಅಂಟಿಕೊಂಡಿತು. ಬೀದಿಯ ತುದಿಯ ಸೈಕಲ್ ಸ್ಟ್ಯಾಂಡಿನಲ್ಲಿ ಎಡಗೈಯಿಂದ ಚೀಟಿ ಹರಿದುಕೊಡುವ ಕೆಲಸ ಹಿಡಿದ. ಅಂಗಡಿ ಕಳೆದುಕೊಂಡವನೊಬ್ಬ ಹಾದುಹೋಗುವಾಗಲೆಲ್ಲ ಅವನ ಕಾಲ ಬಳಿ ಉಗಿಯುತ್ತಾನೆಂದು ಅತ್ತಿಗೆ ಒಮ್ಮೆ ಹೇಳಿದರು. ಅಣ್ಣನ ಬಾಯಿಂದ ಅದು ಬರಲಿಲ್ಲ.

ನಾನೋ, ಅದೇ ಕೋಣೆಯಲ್ಲಿ ಅದೇ ಯಜಮಾನರ ಕೆಳಗೆ ಬೆಸುಗೆ ಹಾಕುತ್ತ ಇದ್ದೆ. ಅವರು ಪೇಪರು ಹಾಕಿದರು. ಹೆಂಡತಿ ಮಗಳು ಬಂದರು. ಮಗಳು ಹಳದಿ ಬಸ್ಸು ಹತ್ತಿದಳು. ಅಣ್ಣನಿಗೆ ತಿಂಗಳು ತಿಂಗಳು ದುಡ್ಡು ಕಳಿಸಿದೆ, ಅವನು ನನ್ನನ್ನು ದೇವರೆಂದ. ಆ ಮಾತು ಕೇಳಿದ ದಿನ ಬಾತ್‌ರೂಮಿನ ಗೋಡೆಗೆ ಹಣೆ ಚಚ್ಚಿಕೊಂಡೆ. ಮಗಳು ಬಾಗಿಲು ತಟ್ಟಿ, “ಡ್ಯಾಡಿ, ಆರ್ ಯು ಓಕೆ?” ಎಂದಳು.

ಎರಡು ವರ್ಷ ಕಳೆಯುವಷ್ಟರಲ್ಲಿ ಬ್ಯಾಡ್ಜಿನ ಹುಡುಗರು ಒಡವೆ ಕೊಳ್ಳಲು ಬರುವ ಬದಲು ಮಾರಲು ಬರತೊಡಗಿದರು. ಆಫೀಸುಗಳು ಮುಚ್ಚುತ್ತಿದ್ದವು. ಅಂಥ ಒಂದು ದಿನ ಅಣ್ಣ ಫೋನಿನಲ್ಲಿ ನಗುತ್ತ ಹೇಳಿದ:

“ಸಂಘಕ್ಕೆ ಹೊಸ ಅಧ್ಯಕ್ಷರು ಬಂದವ್ರೆ ಕಣೋ. ಎಡಗೈಲಿ ಬರೆಯಕ್ಕೆ ಕಲ್ತಿದೀನಿ, ಕೆಲಸ ಕೊಡಿ ಅಂತ ಹೋಗಿದ್ದೆ. ರೇಟು ಮಾರ್ದೆ ಅಂತ ಒಪ್ಕೊ, ಆಮೇಲೆ ನೋಡಾಣ ಅಂದ್ರು. ಮಾಡದ್ದನ್ನ ಹೆಂಗೆ ಒಪ್ಕೊಳ್ಳದು ಹೇಳು?”

ಅವನ ನಗುವನ್ನು ನನ್ನಿಂದ ಸಹಿಸಲಾಗಲಿಲ್ಲ. ಆ ವಾರವೆಲ್ಲ ನಿದ್ದೆ ಬರಲಿಲ್ಲ. ಅವನೊಬ್ಬನಿಗೆ ಹೇಳಿದರೆ ಸಾಲದು ಎಂದು ಗೊತ್ತಿತ್ತು. ಅವನು ಕ್ಷಮಿಸಿ ಮುಚ್ಚಿಟ್ಟುಬಿಡುತ್ತಾನೆ. ಹೆಸರು ಕೆಟ್ಟದ್ದು ಆ ಹಾಲಿನಲ್ಲಿ. ಗುಮಾಸ್ತನೊಬ್ಬನೇ ಬೆಲೆ ಕೇಳಿಸಿಕೊಳ್ಳುವುದು ಬೇಡ ಎಂದು, ಆ ಗಲಾಟೆಯ ನಂತರ ಸಂಘದವರು ಸ್ಪೀಕರು ಇರುವ ಫೋನು ತಂದಿದ್ದರು. ಬಾಂಬೆಯವನು ಹೇಳುವುದನ್ನು ಈಗ ಎಲ್ಲರೂ ಕೂತು ಒಟ್ಟಿಗೆ ಕೇಳುತ್ತಿದ್ದರು.

ಹೆಂಡತಿಗೆ ಎಲ್ಲ ಹೇಳಿದೆ. ವೀಸಾ ಹೋಗಬಹುದು ಎಂದೆ. ಅವಳು ಎದ್ದು, ಸೂಟ್‌ಕೇಸು ಎಲ್ಲಿಟ್ಟಿದೀರಿ ಎಂದು ಕೇಳಿದಳು.

ರೇಟು ನಿಗದಿಗೆ ಕಮಿಟಿ ಸೇರುವ ಹೊತ್ತು ನೋಡಿ ಫೋನು ಮಾಡಿದೆ. ಅಧ್ಯಕ್ಷರು ಎತ್ತಿದರು. ನಾನು ಯಾರೆಂದು ಹೇಳಿ, “ನಮ್ಮಣ್ಣನ್ನ ಮೇಲಕ್ಕೆ ಕರೆಸಿ. ಎಲ್ರಿಗೂ ಕೇಳಿಸೋ ಹಂಗೆ ಹೇಳೋದಿದೆ. ಆ ಸೋಮವಾರದ ವಿಷಯ” ಎಂದೆ.

ಹಾಲಿನಲ್ಲಿ ಗದ್ದಲವಾಯಿತು. ಯಾರೋ ಕೆಳಗೆ ಓಡಿದರು. ಅಣ್ಣ ಬಂದನೆಂದು ಅಧ್ಯಕ್ಷರು ಹೇಳಿದ ಮೇಲೆ, ಕಂಪ್ಯೂಟರಿನ ಅಂಕಿ, ಯಜಮಾನರು ಭಾವನಿಗೆ ಮಾಡಿದ ಫೋನು, ನನ್ನ ಸುಮ್ಮನಿರುವಿಕೆ, ಎಲ್ಲ ಒಂದೇ ಉಸಿರಿಗೆ ಹೇಳಿದೆ.

“ಆ ಫೋನ್ ಇಡ್ರೀ! ಕುಡ್ಕೊಂಡು ಮಾತಾಡ್ತವ್ನೆ!” ಭಾವನ ದನಿ.

“ಮುಟ್ಟಿ ನೋಡು, ಕೈ ಮುರೀತೀನಿ!” ಇನ್ನೊಂದು ದನಿ.

ಕುರ್ಚಿ ಉರುಳಿತು. ಗಾಜು ಒಡೆಯಿತು. ಯಾರದೋ ಅಂಗಿ ಹರಿದ ಸದ್ದು, ಏಟು, ಮತ್ತೆ ಏಟು. “ಬಿಡ್ರೀ, ಬಿಡ್ರೀ, ಮೊದಲು ಅವನ ಮಾತು ಮುಗೀಲಿ” ಎಂದು ಅಧ್ಯಕ್ಷರು ಕಿರುಚುತ್ತಿದ್ದರು. ಗಲಾಟೆ ಬಾಗಿಲ ಕಡೆ ಸರಿದು ಮೆಟ್ಟಿಲಿನಲ್ಲಿ ಇಳಿಯಿತು. ಫೋನಿನ ಹತ್ತಿರ ಒಂದು ಉಸಿರು ಮಾತ್ರ ಉಳಿಯಿತು.

“ಏನೋ ಇದು?” ಎಂದ ಅಣ್ಣ. “ನನಗೋಸ್ಕರ ಸುಳ್ಳು ಹೇಳ್ತಿದೀಯೇನೋ? ಲೈನು ಸಿಗ್ಲಿಲ್ಲ ಅಂದಿದ್ದೆ.”

“ಲೈನು ಸಿಗ್ತಿತ್ತು ಅಣ್ಣ. ನಾನು ಮಾಡ್ಲಿಲ್ಲ. ಎರಡು ವರ್ಷ ನಿನಗೆ ಸುಳ್ಳು ಹೇಳ್ದೆ. ನಿನ್ನ ಕೈ ಮುರಿಸ್ದೋನು ನಾನು. ತಪ್ಪಾಯ್ತು ಅಣ್ಣ. ನನ್ನಿಂದ ತಪ್ಪಾಯ್ತು.”